ಮೋಡಕ್ಕೆ ಚಹಾ, ಹುಡುಗಿಗೆ ಒಂದಂಕ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ. 2025ರಲ್ಲಿ ಕಲಬುರಗಿ ಕೊನೆ. ಅಕ್ಕಪಕ್ಕದ ಜಿಲ್ಲೆಗಳು, ಹಂಚಿಕೊಂಡು ಬಾಳುತ್ತಿದ್ದೇವೆ. ಇಂಥ ಅವಮಾನ ಆದ ಮೇಲೆ ಸಭೆ ಆಗಲೇಬೇಕು. ಸಭೆ ಆದ ಮೇಲೆ ಪಾಸಿಂಗ್ ಪ್ಯಾಕೇಜ್ ಬರಲೇಬೇಕು. ಬಂದಿದೆ. ಅದರಲ್ಲಿ ಪದ್ಯದ ಸಾರಾಂಶಕ್ಕೂ ಒಂದು ಪುಟ ಇದೆ. ಪದ್ಯ ಯಾವುದೇ ಇರಲಿ, ಸಾರಾಂಶ ಒಂದೇ.

ಸುಮ್ನೆ ಹೇಳುತ್ತಿಲ್ಲ. ನನ್ನ ಅಕ್ಕನ ಮಗಳು ಹತ್ತನೇ ಕ್ಲಾಸು. ಮೊನ್ನೆ ಕ್ಲಾಸ್ ಟೆಸ್ಟಿನ ಪೇಪರ್ ತಂದು ನನ್ನ ಮುಂದೆ ಇಟ್ಟಳು. "ಮಾಮಾ, ಇದರಾಗ ಏನ್ ತಪ್ಪದ ನೋಡ್ರಿ" ಅಂದಳು. ಓದದ ಪದ್ಯವೊಂದನ್ನು ಕೊಟ್ಟು ಅರ್ಥ, ಚಿತ್ರ, ನಿಮ್ಮ ಅನಿಸಿಕೆ ಬರೆಯಿರಿ ಅಂತ ಕೇಳಿದ್ದರು. ನಾಲ್ಕು ಅಂಕ. ಕವಿಯ ಹೆಸರು ಇರಲಿಲ್ಲ. ಸಾಲು ಇಷ್ಟೇ:

ಮುಗಿಲು ಸಾಲ ಕೇಳಲು ಬಂದ ನೆಂಟ,
ಬಾಗಿಲಲ್ಲೇ ನಿಂತ, ಕೂರಲಿಲ್ಲ.
ತೊಗರಿ ಹೊಲ ಬಾಯಿ ತೆರೆದು ಹೇಳಿತು:
ಚಹಾ ಕುಡಿದು ಹೋಗು.

ಹುಡುಗಿ ಬರೆದದ್ದು ಇದು: "ಮೋಡ ಬಂದಿದೆ, ಮಳೆ ಬಂದಿಲ್ಲ. ಸಾಲ ಕೇಳಲು ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ, ಅವರಿಗೆ ನಾಚಿಕೆ. ಮೋಡವೂ ಹಾಗೇ ನಿಂತು ಹೋಗುತ್ತದೆ. ಇದು ರೂಪಕ. ಬಾಯಿ ತೆರೆದು ಅಂದರೆ ಎರೆ ಹೊಲದ ಬಿರುಕು. ನಮ್ಮ ಹೊಲದ ಬಿರುಕಿನಲ್ಲಿ ನನ್ನ ಕೈ ಹೋಗುತ್ತದೆ. ಹೊಲಕ್ಕೇ ನೀರಿಲ್ಲ, ಆದರೂ ಚಹಾ ಕುಡಿ ಅನ್ನುತ್ತದೆ. ನಮ್ಮ ಮನೆಗೆ ಯಾರಾದರೂ ಸಾಲ ಕೇಳಲು ಬಂದರೆ ಅವ್ವ ಹಾಲಿಲ್ಲದ ಚಹಾ ಕೊಡುತ್ತಾಳೆ. ಓದುವಾಗ ಮೊದಲು ನಗು ಬಂತು. ಆಮೇಲೆ ಬರಲಿಲ್ಲ."

ಅಂಕ ಒಂದು. "ರೂಪಕ"ದ ಮೇಲೆ ಕೆಂಪು ಗೆರೆ. "ಹಾಲಿಲ್ಲದ ಚಹಾ" ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಕೊನೆಯಲ್ಲಿ ಷರಾ: "ಮೌಲ್ಯ ಬರೆದಿಲ್ಲ."

ನಾಲ್ಕಕ್ಕೆ ನಾಲ್ಕು ಬಂದ ಪಕ್ಕದ ಬೆಂಚಿನ ಹುಡುಗನ ಉತ್ತರವನ್ನೂ ಫೋಟೊ ಹೊಡೆದುಕೊಂಡು ಬಂದಿದ್ದಳು. "ಈ ಪದ್ಯದಲ್ಲಿ ಕವಿಯು ಪ್ರಕೃತಿಯ ಮಹತ್ವವನ್ನು ಮನಮುಟ್ಟುವಂತೆ ವರ್ಣಿಸಿದ್ದಾರೆ. ಉಪಮಾಲಂಕಾರ ಸೊಗಸಾಗಿ ಮೂಡಿಬಂದಿದೆ. ಈ ಪದ್ಯ ನನಗೆ ತುಂಬಾ ಇಷ್ಟವಾಯಿತು. ಮೌಲ್ಯ: ಪರಿಸರ ಸಂರಕ್ಷಣೆ."

ಎಂಥ ಉತ್ತರ ನೋಡಿ! ಎಲ್ಲಿಗೆ ಬೇಕಾದರೂ ಒಯ್ಯಬಹುದು. "ಕವಿಯು ಮನಮುಟ್ಟುವಂತೆ ವರ್ಣಿಸಿದ್ದಾರೆ" ಅನ್ನುವ ವಾಕ್ಯವನ್ನು ನಾನು ಅವತ್ತೇ ಮನೆಯಲ್ಲಿ ಪ್ರಯೋಗ ಮಾಡಿ ನೋಡಿದೆ. ಕರೆಂಟ್ ಬಿಲ್ಲಿಗೆ ಹಚ್ಚಿದೆ, ಸರಿಹೋಯಿತು. ಕಲಬುರಗಿ–ಆಳಂದ ಬಸ್ಸಿನ ಬೋರ್ಡಿಗೆ ಹಚ್ಚಿದೆ, ಅಲ್ಲೂ ಕವಿಯು ಮನಮುಟ್ಟುವಂತೆಯೇ ವರ್ಣಿಸಿದ್ದರು. ಮದುವೆ ಕಾರ್ಡಿಗೆ ಹಚ್ಚಿದಾಗ ಮಾತ್ರ ಸ್ವಲ್ಪ ತೊಂದರೆ ಆಯಿತು. ವರನ ತಂದೆಯ ಹೆಸರಿನ ಪಕ್ಕ "ಪರಿಸರ ಸಂರಕ್ಷಣೆ" ಅಷ್ಟೊಂದು ಕೂಡಲಿಲ್ಲ. ಅಕ್ಷತೆ ಬದಲು ಸಸಿ ಕೊಟ್ಟರೆ ಅದೂ ಕೂಡುತ್ತಿತ್ತು.

ತಮಾಷೆ ಅಂದರೂ ಇದೇ ಒಳ್ಳೆಯ ಪರೀಕ್ಷೆ. ಉತ್ತರವನ್ನು ಎತ್ತಿ ಬೇರೆ ಪದ್ಯದ ಕೆಳಗೆ ಇಡಿ. ಅಲ್ಲೂ ಹೊಂದಿಕೊಂಡರೆ ಬರೆದವನು ಪದ್ಯ ಓದಿಲ್ಲ. ಆ ಹುಡುಗನ ನಾಲ್ಕು ವಾಕ್ಯದಲ್ಲಿ ಮುಗಿಲೂ ಇಲ್ಲ, ಬಾಗಿಲೂ ಇಲ್ಲ, ಚಹಾನೂ ಇಲ್ಲ. ನಮ್ಮ ಹುಡುಗಿಯ ಉತ್ತರ ಈ ನಾಲ್ಕು ಸಾಲಿನ ಕೆಳಗೆ ಬಿಟ್ಟರೆ ಇನ್ನೆಲ್ಲೂ ಕೂರುವುದಿಲ್ಲ. ಹುಡುಗನನ್ನು ಬೈಯುತ್ತಿಲ್ಲ. ಅವನಿಗೆ ಕಲಿಸಿದ್ದನ್ನು ಅವನು ಬರೆದ.

ಇನ್ನು ಆ ರೂಪಕದ ಕಥೆ. ಕೀ ಉತ್ತರದಲ್ಲಿ ಉಪಮೆ ಅಂತ ಇದೆಯಂತೆ. ಉಪಮೆ ಆಗಬೇಕಾದರೆ ಒಂದನ್ನು ಇನ್ನೊಂದಕ್ಕೆ ಹೋಲಿಸಬೇಕು. ಶಾಲೆಯಲ್ಲಿ ಅದರ ಗುರುತು ಅಂತ ಹೇಳಿಕೊಡುವುದೇ "ಅಂತೆ", "ಹಾಗೆ" ಅನ್ನುವ ಉಪಮಾವಾಚಕ. "ನೆಂಟನಂತೆ ಬಂದ ಮುಗಿಲು" ಅಂದಿದ್ದರೆ ಉಪಮೆ. ಇಲ್ಲಿ ಹೋಲಿಕೆಯ ಮಾತೇ ಇಲ್ಲ, ಮುಗಿಲೇ ನೆಂಟ. ಎರಡನ್ನೂ ಒಂದೇ ಮಾಡಿದರೆ ಅದು ರೂಪಕ. ಇದು ಆ ಪೇಪರ್ ತಿದ್ದಿದವರೇ ಹಿಂದಿನ ವಾರ ಕಪ್ಪು ಹಲಗೆಯ ಮೇಲೆ ಬರೆಸಿದ್ದು. ಹುಡುಗಿಯ ನೋಟ್ಸಿನಲ್ಲಿದೆ, ಕೆಳಗೆ ಅವರದೇ ಸಹಿ ಇದೆ.

ಹೋಗಲಿ, ಅಲಂಕಾರದ ಹೆಸರು ತಪ್ಪಿದರೂ ದೊಡ್ಡ ಮಾತಲ್ಲ. ಆ ಚಿತ್ರ ಪದ್ಯದಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಮಗು ಹೇಳಿತಾ ಅನ್ನುವುದು ಮುಖ್ಯ. ಕೀ ಪ್ರಕಾರ "ಬಾಯಿ ತೆರೆದು" ಅಂದರೆ "ಸಂತೋಷದಿಂದ". ಕೀ ಬರೆದವರು ಬೇಸಿಗೆಯಲ್ಲಿ ನಮ್ಮ ಕಡೆಯ ಎರೆ ಭೂಮಿ ನೋಡಿಲ್ಲ. ಒದ್ದೆಯಾದಾಗ ಉಬ್ಬುವ ಮಣ್ಣು, ಒಣಗಿದಾಗ ಕುಗ್ಗಿ ಸೀಳುತ್ತದೆ. ಹುಡುಗಿ ಆ ಸೀಳಿನಲ್ಲಿ ಕೈ ಇಟ್ಟವಳು. ಅವಳ ಅರ್ಥ ಕೀಯಲ್ಲಿಲ್ಲ, ಪದ್ಯದಲ್ಲಿದೆ. ಮಾದರಿ ಉತ್ತರ ಅಂದರೆ ಮಾದರಿ. ಅದೇನು ಇಟ್ಟಂಗಿಯ ಅಚ್ಚಾ?

ನಾನಾಗಿದ್ದರೆ ಹೀಗೆ ಹಾಕುತ್ತಿದ್ದೆ. ಅರ್ಥಕ್ಕೆ ಒಂದು, ಚಿತ್ರಕ್ಕೆ ಒಂದೂವರೆ, ಅನಿಸಿಕೆಗೆ ಒಂದೂವರೆ. ಮೋಡ ಬಂತು, ಮಳೆ ಇಲ್ಲ ಅಂದಳು: ಒಂದು. ಬಿರುಕನ್ನೂ ಬಾಗಿಲನ್ನೂ ಹಿಡಿದಳು, ಆದರೆ ಒಂದು ಬಿಟ್ಟಳು. ಕೊಡಬೇಕಾದ ಮೋಡವೇ ಸಾಲ ಕೇಳಲು ಬಂದಿದೆ, ಪದ್ಯದ ಚುಚ್ಚು ಇರುವುದು ಆ ತಲೆಕೆಳಗಾದ ಜಾಗದಲ್ಲಿ. ಅದನ್ನು ಅವಳು ಹೇಳಲಿಲ್ಲ. ಅರ್ಧ ಕಟ್. ಸೊಸೆ ಅಂತ ಬಿಡುವುದಿಲ್ಲ.

ಅನಿಸಿಕೆಯಲ್ಲಿ ಎಲ್ಲರೂ ಎಡವುತ್ತಾರೆ. ಅನಿಸಿಕೆ ತಪ್ಪಾಗಲು ಸಾಧ್ಯವಿಲ್ಲ, ಹಾಗಾಗಿ ಏನು ಬರೆದರೂ ಅಂಕ ಕೊಡಬೇಕು ಅಂತ ಕೆಲವರು. ಹಾಗೂ ಅಲ್ಲ. ಹುಡುಗಿ ಅವ್ವನ ಚಹಾದ ಮೇಲೆ ಎರಡು ಪುಟ ಬರೆದು ಪದ್ಯಕ್ಕೆ ವಾಪಸ್ ಬರದಿದ್ದರೆ ಅದು ಪ್ರಬಂಧ, ಅಂಕ ಕಡಿಮೆ ಮಾಡಿ. "ಇಷ್ಟವಾಯಿತು" ಅಂತ ಬರೆದು ಯಾವ ಸಾಲು ಅಂತ ಹೇಳದಿದ್ದರೆ ಸೊನ್ನೆ ಕೊಡಿ. ಇಷ್ಟವಾಗಲಿಲ್ಲ, ಕೊನೆಯ ಸಾಲು ಸಪ್ಪೆ, ಇಂಥ ಕಾರಣಕ್ಕೆ ಅಂತ ಬರೆದರೆ ಪೂರ್ತಿ ಕೊಡಿ. ಇವಳು ಅವ್ವನ ಚಹಾಕ್ಕೆ ಹೋದಳು, ತಿರುಗಿ ಬಂದು ನಗು ಎಲ್ಲಿ ನಿಂತಿತು ಅಂತಲೂ ಹೇಳಿದಳು. ಒಂದೂವರೆ. ಒಟ್ಟು ಮೂರೂವರೆ.

ಷರಾದಲ್ಲಿ ಕೇಳಿದ್ದು ಮೌಲ್ಯ. ಪ್ರಶ್ನೆಯಲ್ಲಿ ಮೌಲ್ಯ ಅನ್ನುವ ಪದವೇ ಇಲ್ಲ, ಮತ್ತೆ ಮತ್ತೆ ಓದಿದೆ. ಹದಿನೈದು ವರ್ಷದ ಮಗು ತನ್ನ ಮನೆಯ ಸಾಲದ ಸಂಕಟವನ್ನು ಮೂರು ವಾಕ್ಯದಲ್ಲಿ ಬರೆದು ಕೊಟ್ಟಿದೆ. ನೀವು ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೀರಿ. ಬೇಸರ ಆಗುತ್ತದೆ. ಈಗ ಅವಳು ಆ ಹುಡುಗನ ನಾಲ್ಕು ವಾಕ್ಯ ಬಾಯಿಪಾಠ ಮಾಡುತ್ತಿದ್ದಾಳೆ. ಬೇಡ ಅಂತ ಹೇಳುವ ಧೈರ್ಯ ನನಗೂ ಇಲ್ಲ, ಬೋರ್ಡ್ ಪರೀಕ್ಷೆ ಹತ್ತಿರ ಇದೆ.

ಆದರೂ ಪೇಪರ್ ಹಿಡಿದು ಶಾಲೆಗೆ ಹೋದೆ. ಮೇಷ್ಟ್ರು ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಎದುರಿಗೆ ತಿದ್ದಬೇಕಾದ ಪೇಪರಿನ ಕಟ್ಟು ಗಲ್ಲದ ಎತ್ತರಕ್ಕಿತ್ತು. "ಕೀ ನಾ ಬರ್ದಿದ್ದಲ್ಲರೀ ಸರ್, ವಾಟ್ಸಾಪಿನಾಗ ಬಂದದ" ಅಂದರು. ಹುಡುಗಿಯ ಉತ್ತರ ಮತ್ತೊಮ್ಮೆ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೆಂಪು ಪೆನ್ನು ತೆಗೆದು ಒಂದನ್ನು ಒಂದೂವರೆ ಮಾಡಿದರು.

ಅರ್ಧ ಯಾವುದಕ್ಕೆ ಅಂತ ಕೇಳಿದೆ.

"ಅಕ್ಷರ ಛಂದ ಅದಾವ್ರಿ" ಅಂದರು.