ಶುಕ್ರವಾರ ಹುಟ್ಟಿದವನು ಅಲ್ಲಿ ಕೋಫಿ, ನಮ್ಮಲ್ಲಿ ತುಕ್ರ

ಘಾನಾದ ಅಕ್ರಾಕ್ಕೆ ಕೆಲಸಕ್ಕೆ ಬಂದ ಮೊದಲ ವಾರ ಆಫೀಸಿನ ಡ್ರೈವರ್ ಕೇಳಿದ್ದು ನನ್ನ ಊರನ್ನಲ್ಲ, ಸಂಬಳವನ್ನಂತೂ ಅಲ್ಲವೇ ಅಲ್ಲ. "ಬಾಸ್, ನೀವು ಹುಟ್ಟಿದ್ದು ಯಾವ ವಾರ?" ನನಗೆ ಗೊತ್ತಿರಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿದೆ. ಅಮ್ಮ ನಕ್ಷತ್ರ ಹೇಳಿದರು, ಪಾದ ಹೇಳಿದರು, ಮಳೆ ಎಷ್ಟು ಜೋರಾಗಿತ್ತು ಅಂತಲೂ ಹೇಳಿದರು. ವಾರ ಮಾತ್ರ ನೆನಪಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮರುದಿನ ಸಂತೆ ಇತ್ತು ಮಗಾ, ಅಪ್ಪ ಹೋಗ್ಲಿಲ್ಲ" ಅಂದರು. ನಮ್ಮೂರ ಸಂತೆ ಗುರುವಾರ. ಅಂದರೆ ನಾನು ಬುಧವಾರದವನು. ಅವತ್ತಿನಿಂದ ಡ್ರೈವರಿಗೂ ಬಾಳೆಕಾಯಿ ಸುಡುವ ಅಜ್ಜಿಗೂ ನಾನು ಕ್ವಾಕು.

ಇಲ್ಲಿನ ಅಕಾನ್ ಜನರಲ್ಲಿ ಹೀಗೆ ವಾರದಿಂದ ಬರುವ ಹೆಸರಿಗೆ 'ಕ್ರಾದಿನ್' ಅನ್ನುತ್ತಾರೆ. 'ಕ್ರಾ' ಅಂದರೆ ಜೀವ, 'ದಿನ್' ಅಂದರೆ ಹೆಸರು. ಭಾನುವಾರದ ಗಂಡು ಕ್ವಾಸಿ, ಹೆಣ್ಣು ಅಕೋಸುವಾ. ಶನಿವಾರದವರು ಕ್ವಾಮೆ, ಅಮಾ. ಈ ಹೆಸರನ್ನು ಯಾರೂ ಆರಿಸುವುದಿಲ್ಲ, ಮಗು ತಾನೇ ಹೊತ್ತು ತರುತ್ತದೆ. ಎಂಟನೇ ದಿನ, ಅಂದರೆ ಅದೇ ವಾರ ಮತ್ತೆ ಬಂದಾಗ, ಹೆಸರಿಡುತ್ತಾರೆ. ನಾಲಿಗೆಗೆ ಒಂದು ಹನಿ ನೀರು, ಒಂದು ಹನಿ ಹೆಂಡ ಮುಟ್ಟಿಸುತ್ತಾರೆ. ನೀರನ್ನು ನೀರು ಅನ್ನು, ಹೆಂಡವನ್ನು ಹೆಂಡ ಅನ್ನು, ಸುಳ್ಳಾಡಬೇಡ ಅಂತ. ಅವತ್ತು ಅಪ್ಪ ಇನ್ನೊಂದು ಹೆಸರು ಕೊಡುತ್ತಾನೆ, ಹೆಚ್ಚಾಗಿ ತಾನು ಗೌರವಿಸುವ ಹಿರಿಯರೊಬ್ಬರದು. ಹಾಗಾಗಿ ಒಂದೇ ಮನೆಯ ಅಣ್ಣತಮ್ಮಂದಿರ ಕೊನೆಯ ಹೆಸರು ಬೇರೆ ಬೇರೆ ಇರಬಹುದು. ವೀಸಾ ಅರ್ಜಿ ನೋಡುವವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ ಅಲ್ಲ.

ಹುಟ್ಟಿನ ಸುದ್ದಿ ಹೇಳುವ ಹೆಸರುಗಳೂ ಇವೆ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅಟ್ಟಾ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಅದಕ್ಕೇ ಕೋಫಿ. ಅಟ್ಟಾ ಅಂದರೆ ಅವಳಿ. ಜೊತೆಗೆ ಹುಟ್ಟಿದ ತಂಗಿ ಎಫುವಾ ಅಟ್ಟಾ, ಅದೂ ಶುಕ್ರವಾರದ್ದೇ ಹೆಸರು.

ಇದರ ಪಕ್ಕದಲ್ಲಿ ಕ್ರೈಸ್ತ ಹೆಸರು ಬಂದು ಕೂತಾಗ ಏನಾಗುತ್ತದೆ ಅನ್ನುವುದಕ್ಕೆ ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮಾ ಅವರ ಕತೆ ಚೆನ್ನಾಗಿದೆ. ಪಾದ್ರಿ ಫ್ರಾನ್ಸಿಸ್ ಅಂತ ಹೆಸರಿಟ್ಟು, ಹುಟ್ಟಿದ ದಿನ 1909ರ ಸೆಪ್ಟೆಂಬರ್ 21 ಅಂತ ಅಂದಾಜಿನಲ್ಲಿ ಬರೆದುಕೊಂಡರು. ಕ್ಯಾಲೆಂಡರ್ ನೋಡಿದರೆ ಅದು ಮಂಗಳವಾರ! ಮಂಗಳವಾರದವನು ಕ್ವಾಬೆನಾ ಆಗಬೇಕು, ಕ್ವಾಮೆ ಅಲ್ಲ. ತಾರೀಕು ತಪ್ಪಬಹುದು, ವಾರ ತಪ್ಪದು. ಹತ್ತಿರದ ಶನಿವಾರ ಅಂದರೆ 18 ಅಂತ ಎನ್‌ಕ್ರೂಮಾ ಅವರೇ ಲೆಕ್ಕ ಹಾಕಿದ್ದರು. ಸರ್ಕಾರಿ ರಜೆ ಮಾತ್ರ 21ಕ್ಕೇ ಉಳಿದಿದೆ. ನಮ್ಮಮ್ಮನ ಸಂತೆ ಲೆಕ್ಕವೂ ಇದೇ ಜಾತಿಯದು ಅಲ್ವಾ?

ಇದನ್ನೆಲ್ಲ ಕೇಳುತ್ತಾ ಮೊದಲು ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆಯಾಯಿತು. ಯಾಕೆಂದರೆ ನಾನು ತುಳುನಾಡಿನವನು. ವಾರದ ಹೆಸರು ನಮ್ಮಲ್ಲೂ ಇತ್ತು. ಭಾನುವಾರಕ್ಕೆ ಐತ, ಮಂಗಳವಾರಕ್ಕೆ ಅಂಗಾರ, ಬುಧವಾರಕ್ಕೆ ಬೂದ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ. ಆದರೆ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು ತುಕ್ರ, ತನಿಯ. ತೋಟದ ಮನೆಯ ಮಕ್ಕಳು ನಕ್ಷತ್ರದ ಅಕ್ಷರ ನೋಡಿ ಇಟ್ಟ ಹೆಸರಿನವರು. ಹೆಸರು ಕೂಗಿದರೆ ಸಾಕು, ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಜಗಲಿ ಹತ್ತಬಹುದು ಅಂತ ಗೊತ್ತಾಗುತ್ತಿತ್ತು. ನನ್ನ ಜೊತೆ ಓದಿದ ಒಬ್ಬ ತುಕ್ರ ಹೈಸ್ಕೂಲಿಗೆ ಬರುವಾಗ ಹೆಸರು ಬದಲಿಸಿಕೊಂಡ. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ನಗು ಬರುತ್ತಿತ್ತು. ನಕ್ಕವರಲ್ಲಿ ನಾನೂ ಇದ್ದೆ.

ಇಲ್ಲಿ ಹಾಗಿಲ್ಲ. 1867ರಿಂದ 1874ರವರೆಗೆ ಇಲ್ಲಿನ ಅಶಾಂಟಿ ರಾಜ್ಯದ ಸಿಂಹಾಸನದಲ್ಲಿ ಕೂತಿದ್ದವನು ಕೋಫಿ ಕರಿಕರಿ. ಅದೇ ಹೆಸರಿನವನು ನಮ್ಮ ಆಫೀಸಿನ ಗೇಟ್ ಕಾಯುತ್ತಾನೆ. ಕೋಫಿ ಅಂದರೆ ಶುಕ್ರವಾರದವನು ಅಷ್ಟೇ, ಯಾರ ಮನೆಯವನು ಅನ್ನುವುದು ಅದರಲ್ಲಿಲ್ಲ. ಹಾಗಂತ ಈ ಹೆಸರಿಗೇ ಏನೋ ಶಕ್ತಿ ಇದೆ ಅನ್ನಲಾರೆ. ಗುಲಾಮರ ಜೊತೆ ಇವೇ ಹೆಸರು ಜಮೈಕಾಕ್ಕೆ ಹೋದವು. ಅಲ್ಲಿ ಭಾನುವಾರದ ಕ್ವಾಸಿ 'ಕ್ವಾಶಿ' ಆಗಿ, ದಡ್ಡ ಅನ್ನುವ ಬೈಗುಳವಾಯಿತು. ಹೆಸರು ಅದೇ, ಕರೆಯುವವನು ಚಾಟಿ ಹಿಡಿದವನು. ಹಾಗಿದ್ದೂ ಅದೇ ದ್ವೀಪದಲ್ಲಿ ಕಾಡು ಸೇರಿ ಬ್ರಿಟಿಷರ ವಿರುದ್ಧ ಹೋರಾಡಿ 1739ರಲ್ಲಿ ಅವರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡವನು ಕುಜೋ, ಅಂದರೆ ಸೋಮವಾರದ ಕ್ವಾಡ್ವೊ.

ತುಳುನಾಡಿನಲ್ಲೂ ಒಂದು ವಾರದ ಹೆಸರಿಗೆ ಎಲ್ಲ ಜಾತಿಯವರೂ ಕೈ ಮುಗಿಯುತ್ತಾರೆ. ಕೊರಗಜ್ಜನ ಹೆಸರು ಕೊರಗ ತನಿಯ. ಕಳೆದುಹೋದ ಚಿನ್ನ ಸಿಗಲಿ ಅಂತ ಅಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೊರುವ ಮನೆಗಳಲ್ಲಿ ಮಗುವಿಗೆ ತನಿಯ ಅಂತ ಹೆಸರಿಟ್ಟದ್ದನ್ನು ನಾನಂತೂ ನೋಡಿಲ್ಲ. ಬುಧವಾರ ಹುಟ್ಟಿದ ನಾನು ಇಲ್ಲಿ ಕ್ವಾಕು ಅಂದರೆ ಸಂತೋಷದಿಂದ ತಿರುಗಿ ನೋಡುತ್ತೇನೆ. ಊರಲ್ಲಿ ಯಾರಾದರೂ ಬೂದ ಅಂತ ಕರೆದಿದ್ದರೆ ತಿರುಗುತ್ತಿದ್ದೆನಾ?