ಮೂರು ಲೈಕಿನ ಉತ್ತರ ಯಾಕೆ ಕಾಣಲಿಲ್ಲ

ನಮ್ಮದೊಂದು ಅಡಿಕೆ ಬೆಳೆಗಾರರ ಗುಂಪು ಇದೆ ಇಲ್ಲೇ ಫೇಸ್‌ಬುಕ್ಕಿನಲ್ಲಿ. ದೊಡ್ಡದೇನಲ್ಲ. ಅದರ ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಕಳೆದ ಮಳೆಗಾಲದಲ್ಲಿ ಅಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಇನ್ನೂ ತಲೆಯಲ್ಲಿ ಕೊರೀತಿದೆ. ಬರೆದು ಮುಗಿಸೋಣ ಅಂತ ಕೂತಿದೇನೆ, ಸ್ವಲ್ಪ ಉದ್ದ ಆಗಬಹುದು.

ಒಬ್ಬರು ರಾತ್ರಿ ಎಂಟು ಹತ್ತಕ್ಕೆ ಪ್ರಶ್ನೆ ಹಾಕಿದ್ದರು. ಬೆಳಗ್ಗೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ಮದ್ದು ಎರಡು ಡ್ರಮ್ ಮಾಡಿಟ್ಟಿದ್ದರಂತೆ. ಅದೇ ನಮ್ಮ ಮಾಮೂಲಿ ಅಳತೆ, ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಅರ್ಧ ತೋಟ ಮುಗಿಯೋ ಹೊತ್ತಿಗೆ ಮಳೆ ಹಿಡೀತು, ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡ ಇಳಿದ. ಒಂದು ಡ್ರಮ್ ಹಾಗೇ ಉಳೀತು, ತಳಕ್ಕೆ ಕೂತಿದೆ. ‘ನಾಳೆ ಬೆಳಗ್ಗೆ ಕಲಕಿ ಹೊಡೆಸಬಹುದಾ?’ ಇಷ್ಟೇ ಪ್ರಶ್ನೆ.

ಎಂಟು ಹದಿನಾಲ್ಕಕ್ಕೆ ಮೊದಲ ಕಾಮೆಂಟ್ ಬಂತು: ‘ಚೆನ್ನಾಗಿ ಕಲಕಿ ಹೊಡೆಸಿ, ಏನೂ ಆಗಲ್ಲ, ನಾವು ಯಾವಾಗ್ಲೂ ಹಂಗೇ ಮಾಡೋದು.’ ಅದರ ಹಿಂದೆಯೇ ಇನ್ನೊಬ್ಬರು ಕೊನೆಗೌಡರ ಕೂಲಿ ಬಗ್ಗೆ ಒಂದು ತಮಾಷೆ ಹಾಕಿದರು, ಮತ್ತೊಬ್ಬರು ಮಳೆಗೆ ಬೈದರು. ಹನ್ನೊಂದು ನಲವತ್ತಕ್ಕೆ, ಊರೆಲ್ಲ ಮಲಗಿದ ಮೇಲೆ, ನಲವತ್ತು ವರ್ಷ ತೋಟ ನೋಡಿದ ಹಿರಿಯರೊಬ್ಬರು ಬರೆದರು: ‘ರಾತ್ರಿ ನಿಂತ ಮದ್ದು ಬೇಡ ಮಾರಾಯ್ರೆ. ಕಣ ದಪ್ಪ ಆಗ್ತದೆ, ಗೊನೆಗೆ ಅಂಟೋದಿಲ್ಲ. ಒಂದು ಜೋರು ಮಳೆಗೆ ತೊಳೆದು ಹೋಗ್ತದೆ. ಅವತ್ತಿನದು ಅವತ್ತೇ ಮುಗಿಸಬೇಕು. ಹೊಸದು ಮಾಡಿ.’

ಸರಿಯಾದ ಉತ್ತರ ಎರಡನೆಯದು. ಬೋರ್ಡೋ ಮಾಡಿದ ದಿನವೇ ಹೊಡೆಯಬೇಕು ಅನ್ನೋದರಲ್ಲಿ ಚರ್ಚೆಗೇನೂ ಇಲ್ಲ. ಬೆಳಗ್ಗೆ ನಾನು ಫೋನ್ ತೆಗೆದಾಗ ಮೊದಲನೆಯದಕ್ಕೆ ಅರವತ್ತರ ಹತ್ತಿರ ಲೈಕ್, ಹಿರಿಯರದ್ದಕ್ಕೆ ಮೂರು. ಆ ಮೂರನ್ನು ನೋಡೋಕೂ ನಾನು ಮೇಲಿನ Most relevant ಅನ್ನೋದನ್ನು ಒತ್ತಿ Newest ಅಂತ ಬದಲಾಯಿಸಬೇಕಾಯ್ತು. ಮೇಲಿನ ಪಟ್ಟಿಯಲ್ಲಿ ಅದು ಕಣ್ಣಿಗೇ ಬೀಳಲಿಲ್ಲ.

ನನ್ನ ಮೊದಲ ಸಿಟ್ಟು ಜನರ ಮೇಲೆ. ತಪ್ಪು ಉತ್ತರಕ್ಕೆ ಅರವತ್ತು ಲೈಕ್ ಒತ್ತಿದ್ದಾರಲ್ಲ ಅಂತ. ಆಮೇಲೆ ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ಜನರ ತಪ್ಪು ಅಷ್ಟೇನೂ ಕಾಣಲಿಲ್ಲ.

ನನ್ನ ಹತ್ತಿರ ಎಲ್ಲರೂ ಏನು ನೋಡಿದರು ಅನ್ನೋ ಅಂಕಿಯಿಲ್ಲ, ಅಂದಾಜಿಗೆ ಹೀಗಿಟ್ಟುಕೊಳ್ಳಿ. ಆ ರಾತ್ರಿ ಮತ್ತು ಮರುದಿನ ಬೆಳಗ್ಗೆ ಸೇರಿ 600 ಜನ ಆ ಪೋಸ್ಟ್ ತೆರೆದರು. ಊಟ ಮುಗಿಸಿ ಫೋನ್ ಹಿಡಿಯೋ ಹೊತ್ತು ಎಂಟರಿಂದ ಹತ್ತೂವರೆ, ಆಗಲೇ 400 ಜನ ಬಂದು ಹೋದರು. ಹಿರಿಯರು ಬರೆಯೋ ಹೊತ್ತಿಗೆ ಇನ್ನು ಬರೋರು 150 ಜನ ಮಾತ್ರ. ತೆರೆದವರು ಮೇಲಿನ ಎರಡು ಮೂರು ಕಾಮೆಂಟ್ ಓದಿ ಮುಂದೆ ಹೋಗ್ತಾರೆ, ನಾನೂ ಹಾಗೇ ಮಾಡೋದು. ಮೊದಲ ಕಾಮೆಂಟನ್ನು ಹತ್ತರಲ್ಲಿ ಒಬ್ಬರು ಮೆಚ್ಚಿದರೂ 600ಕ್ಕೆ 60 ಲೈಕ್ ಆಯ್ತು. ಹಿರಿಯರ ಮಾತನ್ನು ಓದಿದವರಲ್ಲಿ ಅರ್ಧ ಜನ ಮೆಚ್ಚಿದರು ಅನ್ನಿ. ಆದರೆ ಆ 150 ಜನರಲ್ಲಿ ಕೆಳಗಿನ ‘ಇನ್ನಷ್ಟು ಕಾಮೆಂಟ್’ ಒತ್ತಿದವರು ಆರು ಜನ. ಆರರಲ್ಲಿ ಅರ್ಧ ಮೂರು.

ಅಂದರೆ ಓದಿದವರ ಮೆಚ್ಚುಗೆ ನೋಡಿದರೆ ಹಿರಿಯರದ್ದು ಐದು ಪಟ್ಟು ಮುಂದೆ. ಲೈಕಿನ ಎಣಿಕೆ ನೋಡಿದರೆ ಇಪ್ಪತ್ತು ಪಟ್ಟು ಹಿಂದೆ. ಎರಡೂ ಒಂದೇ ರಾತ್ರಿಯ ಸತ್ಯ. ಲೈಕ್ ಅನ್ನೋದು ಎರಡರ ಗುಣಾಕಾರ: ಎಷ್ಟು ಜನರ ಕಣ್ಣಿಗೆ ಬಿತ್ತು, ಬಿದ್ದವರಲ್ಲಿ ಎಷ್ಟು ಜನಕ್ಕೆ ಹಿಡಿಸಿತು. ನಾವು ಎರಡನೆಯದನ್ನು ಅಳೀತಿದೇವೆ ಅಂದ್ಕೊಂಡು ಹೆಚ್ಚಾಗಿ ಮೊದಲನೆಯದನ್ನೇ ಅಳೀತಿರ್ತೇವೆ. ಕಣ್ಣಿಗೆ ಬೀಳೋದು ಯಾವುದರಿಂದ? ಮೇಲಿರೋದರಿಂದ. ಮೇಲಿರೋದು ಯಾಕೆ? ಲೈಕ್ ಇರೋದರಿಂದ. ಎಂಟು ಹದಿನಾಲ್ಕಕ್ಕೆ ಸಿಕ್ಕಿದ ಮೊದಲ ನಾಲ್ಕು ಲೈಕು ಬಡ್ಡಿ ಸೇರಿ ಸೇರಿ ಬೆಳಗಾಗೋದರೊಳಗೆ ಅರವತ್ತಾಗಿತ್ತು.

ಇದು ಬರೀ ನನ್ನ ಹಾಳೆಯ ಲೆಕ್ಕ ಅನ್ನಬೇಡಿ. 2013ರಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಅನ್ನುವ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸುದ್ದಿ ತಾಣದಲ್ಲಿ ಐದು ತಿಂಗಳು, ಲಕ್ಷಕ್ಕೂ ಹೆಚ್ಚು ಕಾಮೆಂಟುಗಳು. ಕಾಮೆಂಟ್ ಹುಟ್ಟಿದ ಕೂಡಲೇ, ಏನು ಬರೆದಿದೆ ಅಂತ ನೋಡದೆ, ಚೀಟಿ ಎತ್ತಿದ ಹಾಗೆ ಕೆಲವಕ್ಕೆ ಒಂದೇ ಒಂದು ಮೆಚ್ಚುಗೆ ವೋಟನ್ನು ತಾವೇ ಹಾಕಿದರು. ಆ ಒಂದು ಪುಕ್ಕಟೆ ವೋಟಿನಿಂದ, ಮುಂದೆ ಬಂದ ಮೊದಲ ಓದುಗ ಮೆಚ್ಚುವ ಸಾಧ್ಯತೆ ಶೇಕಡಾ 32ರಷ್ಟು ಏರಿತು, ಕೊನೆಗೆ ಒಟ್ಟು ಅಂಕ ಸರಾಸರಿ ಶೇಕಡಾ 25ರಷ್ಟು ಹೆಚ್ಚಾಯ್ತು. ತಮಾಷೆ ಅಂದರೆ, ಸುಮ್ಮನೆ ಒಂದು ವಿರೋಧದ ವೋಟು ಹಾಕಿದ ಕಾಮೆಂಟುಗಳು ಹಾಗೆ ಕೆಳಗೆ ಬೀಳಲಿಲ್ಲ. ಜನ ‘ಪಾಪ’ ಅಂತ ಎತ್ತಿಬಿಟ್ಟರು. ಅನ್ಯಾಯವಾಗಿ ಕೆಳಗಿಳಿಸಿದ್ದು ನಮಗೆ ಗೊತ್ತಾಗ್ತದೆ, ಅನ್ಯಾಯವಾಗಿ ಮೇಲೇರಿಸಿದ್ದು ಗೊತ್ತಾಗೋದಿಲ್ಲ.

ಹಾಗಾದರೆ ಲೈಕ್ ಎಣಿಸೋದು ಬಿಟ್ಟು ಬೇರೆ ದಾರಿ ಇಲ್ಲವಾ? ಇದೆ. ರೆಡ್ಡಿಟ್ ತಾಣದವರು 2009ರಲ್ಲೇ ಈ ಕಾಯಿಲೆಗೆ ಮದ್ದು ಹುಡುಕಿದ್ದರು. ಅಲ್ಲಿ ಮೆಚ್ಚುಗೆಯ ವೋಟು, ವಿರೋಧದ ವೋಟು ಎರಡೂ ಇವೆ. ಮೊದಲು ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದು ಹೆಚ್ಚಿದ್ದವರನ್ನು ಮೇಲೆ ಕೂರಿಸ್ತಿದ್ದರು. ಬೇಗ ಬಂದವರೇ ಗೆಲ್ತಿದ್ದರು. ಆಮೇಲೆ best ಅನ್ನೋ ಹೊಸ ಜೋಡಣೆ ತಂದರು. ಅದನ್ನು ಓದುಗರಿಗೆ ವಿವರಿಸಿ ಬರೆದವರು ವ್ಯಂಗ್ಯಚಿತ್ರಕಾರ ರ್‍ಯಾಂಡಲ್ ಮನ್ರೋ. ಒಳಗಿರೋ ಸೂತ್ರ ಮಾತ್ರ ಎಡ್ವಿನ್ ವಿಲ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರದ್ದು, 1927ರದ್ದು. ಕಂಪ್ಯೂಟರೇ ಇಲ್ಲದ ಕಾಲದ್ದು.

ಸೂತ್ರ ಬೇಡ, ಅದು ಕೇಳೋ ಪ್ರಶ್ನೆ ಮಾತ್ರ ನೋಡಿ. ‘ಈ ಕಾಮೆಂಟಿಗೆ ಈಗ ಬಿದ್ದಿರೋ ವೋಟು ಬರೀ ಸ್ಯಾಂಪಲ್. ಎಲ್ಲರೂ ಓದಿದ್ದರೆ ಕಡಿಮೆ ಅಂದರೂ ಶೇಕಡಾ ಎಷ್ಟು ಜನ ಮೆಚ್ಚುತ್ತಿದ್ದರು?’ ಅಕ್ಕಿ ಕೊಳ್ಳೋವಾಗ ಮುಷ್ಟಿಯಲ್ಲಿ ತಗೊಂಡು ನೋಡ್ತೇವಲ್ಲ, ಹಾಗೆ. ಎರಡೇ ಕಾಳು ನೋಡಿ ‘ಎಲ್ಲಾ ಚೆನ್ನಾಗಿದೆ’ ಅಂದರೆ ನಂಬೋದು ಕಷ್ಟ. ಅದಕ್ಕೆ ವೋಟು ಕಡಿಮೆ ಇದ್ದಷ್ಟೂ ಸೂತ್ರ ಅನುಮಾನದಿಂದ ಅಂಕ ಕತ್ತರಿಸ್ತದೆ.

ನಮ್ಮ ಬೋರ್ಡೋ ಪ್ರಸಂಗವನ್ನೇ ಅದಕ್ಕೆ ಹಾಕಿ ನೋಡಿದೆ. ಮೊದಲ ಕಾಮೆಂಟಿಗೆ 60 ಮೆಚ್ಚುಗೆ, ಜೊತೆಗೆ 40 ವಿರೋಧ ಬಿದ್ದಿತ್ತು ಅಂತ ಕಲ್ಪಿಸಿಕೊಳ್ಳೋಣ. ಕಳೆಯೋ ಲೆಕ್ಕದಲ್ಲಿ ಅದಕ್ಕೆ 20, ಹಿರಿಯರಿಗೆ ವಿರೋಧವೇ ಇಲ್ಲದ 3. ಹಿರಿಯರು ಎಲ್ಲೋ ತಳದಲ್ಲಿ. ವಿಲ್ಸನ್ ಲೆಕ್ಕದಲ್ಲಿ, ಶೇಕಡಾ 95ರ ಖಚಿತತೆ ಇಟ್ಟುಕೊಂಡರೆ, 60-40ರ ಕಾಮೆಂಟಿಗೆ ಸಿಗೋದು 0.50. ಹಿರಿಯರ ಮೂರು ವೋಟಿಗೆ 0.44. ಇನ್ನೂ ಹಿಂದೆಯೇ, ಆದರೆ ಬೆನ್ನಿಗಂಟಿಕೊಂಡು. ನಾಲ್ಕನೇ ವೋಟು ಬಿದ್ದ ಕೂಡಲೇ 0.51. ದಾಟಿತು! ನಾಲ್ಕು ಜನ ಓದಿ ಸರಿ ಅಂದರೆ ಸಾಕು, ರಾತ್ರಿ ಹನ್ನೊಂದು ನಲವತ್ತರ ಉತ್ತರ ಬೆಳಗ್ಗೆ ಮೇಲಿರ್ತಿತ್ತು.

ಇದನ್ನು ನನ್ನ ಅಣ್ಣನ ಮಗನಿಗೆ ಹೇಳಿದೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಅವನದ್ದು. ‘ಚಿಕ್ಕಪ್ಪ, ಸೂತ್ರ ಸರಿ. ಆದರೆ ಫೇಸ್‌ಬುಕ್ಕಲ್ಲಿ ವಿರೋಧದ ವೋಟು ಎಲ್ಲಿದೆ?’ ಅಂದ. ಅಲ್ಲಿಗೆ ನನ್ನ ಉತ್ಸಾಹ ಅರ್ಧ ಇಳೀತು. ಹೌದಲ್ಲ, ‘ಇದು ತಪ್ಪು’ ಅನ್ನೋಕೆ ಇಲ್ಲಿ ಗುಂಡಿಯೇ ಇಲ್ಲ. ತಪ್ಪು ಅನ್ನಬೇಕಾದರೆ ಅದರ ಕೆಳಗೇ ಉತ್ತರ ಬರೀಬೇಕು. ಬರೆದರೆ? ಆ ಕಾಮೆಂಟಿನಲ್ಲಿ ಮಾತುಕತೆ ಜೋರಾಗಿದೆ ಅಂತ ಲೆಕ್ಕಕ್ಕೆ ಬಂದು ಅದೇ ಇನ್ನೂ ಮೇಲೆ ಕೂರಬಹುದು. ಬೈಯೋಕೆ ಹೋದವನೇ ಪಲ್ಲಕ್ಕಿಗೆ ಹೆಗಲು ಕೊಟ್ಟ ಹಾಗೆ.

ಇನ್ನೂ ಒಂದು ಮಾತು ಹೇಳಿದ. Most relevant ಅನ್ನೋದು ಎಲ್ಲರಿಗೂ ಒಂದೇ ಪಟ್ಟಿ ಅಲ್ಲ. ನಮ್ಮ ಸ್ನೇಹಿತರು ಬರೆದದ್ದನ್ನು ನಮಗೆ ಮೇಲೆ ತೋರಿಸ್ತದೆ. ಇಬ್ಬರೂ ಫೋನ್ ಪಕ್ಕಪಕ್ಕ ಹಿಡಿದು ಒಂದೇ ಪೋಸ್ಟ್ ತೆರೆದೆವು. ಅವನದ್ದರಲ್ಲಿ ಮೇಲಿದ್ದದ್ದು ಬೇರೆ, ನನ್ನದರಲ್ಲಿ ಬೇರೆ. ‘ಮೇಲಿನ ಕಾಮೆಂಟ್ ನೋಡಿದ್ಯಾ’ ಅಂತ ಫೋನಲ್ಲಿ ಕೇಳೋ ನನ್ನಂಥವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಹಾಗಂತ ‘ಹೊಸದು ಮೊದಲು’ ಪಟ್ಟಿಯೇ ಪ್ರಾಮಾಣಿಕ ಅಂತ ವಾದಿಸೋರನ್ನು ಕಂಡರೂ ನನಗೆ ಆಗೋದಿಲ್ಲ. ಅದು ಯಾರ ಮುಖವನ್ನೂ ನೋಡೋದಿಲ್ಲ, ಗಡಿಯಾರ ಮಾತ್ರ ನೋಡ್ತದೆ, ಅಷ್ಟು ನಿಜ. ನಮ್ಮ ಗುಂಪಿನಲ್ಲಿ ಅಡಿಕೆ ಧಾರಣೆ ಏರಿದ ದಿನ Newest ಒತ್ತಿ ನೋಡಿ: ಒಂದು ಚುಕ್ಕಿ, ಇನ್ನೊಂದು ಚುಕ್ಕಿ, ‘ಫಾಲೋ’, ‘ಶುಭ ಮುಂಜಾನೆ’, ಸಾಲದ ಜಾಹೀರಾತು. ಒಳ್ಳೆಯ ಮಾತು ಹತ್ತು ನಿಮಿಷದಲ್ಲಿ ಕೆಳಗೆ ಹೂತು ಹೋಗಿರ್ತದೆ. ಅಲ್ಲಿ ಗೆಲ್ಲೋದು ಕೊನೆಗೆ ಬಂದವನು, ಅಥವಾ ಮತ್ತೆ ಮತ್ತೆ ಬರುವವನು.

ಅದಕ್ಕಿಂತ ಸೂಕ್ಷ್ಮದ ಎಡವಟ್ಟು ಒಂದಿದೆ, ನನಗೂ ತಡವಾಗಿ ಗೊತ್ತಾಯ್ತು. ಹೊಸದು ಮೊದಲು ಅಂದರೆ ಹೊಸ ಮಾತೆಲ್ಲ ಮೊದಲು ಅಲ್ಲ. ಒಂದು ಕಾಮೆಂಟಿನ ಕೆಳಗೆ ಬರೆದ ಉತ್ತರ ಆ ಕಾಮೆಂಟಿನ ಹೊಟ್ಟೆಯೊಳಗೇ ಇರ್ತದೆ, ಕಾಮೆಂಟು ಹುಟ್ಟಿದ ಹೊತ್ತೇ ಲೆಕ್ಕ. ಅವತ್ತು ಹಿರಿಯರು ‘ರಾತ್ರಿ ನಿಂತ ಮದ್ದು ಬೇಡ’ ಅನ್ನೋದನ್ನು ಎಂಟು ಹದಿನಾಲ್ಕರ ಕಾಮೆಂಟಿಗೆ ಉತ್ತರವಾಗಿ ಬರೆದಿದ್ದರೆ, ನಾನು Newest ಒತ್ತಿದರೂ ಅದು ಎಲ್ಲಕ್ಕಿಂತ ಕೆಳಗೆ, ಮಡಚಿಟ್ಟ ಹಾಗೆ ಇರ್ತಿತ್ತು. ಅವರು ಬೇರೆಯಾಗಿ ಬರೆದದ್ದಕ್ಕೆ ನನಗೆ ಸಿಕ್ಕಿತು.

ಈಗ ನಾನು ಗುಂಪಿನಲ್ಲಿ ಮಾಡೋದು ಒಂದೇ ಕೆಲಸ. ಮದ್ದು, ಗೊಬ್ಬರದ ಪ್ರಶ್ನೆ ಬಂದರೆ, ಸರಿಯಾದ ಉತ್ತರ ಸಿಕ್ಕ ಮೇಲೆ ಕೇಳಿದವರಿಗೆ ಫೋನ್ ಮಾಡಿ ಅದನ್ನು ಪೋಸ್ಟಿನೊಳಗೇ, ಪ್ರಶ್ನೆಯ ಕೆಳಗೇ ಸೇರಿಸಿ ಅಂತೇನೆ. ಪೋಸ್ಟಿನ ಸಾಲು ಯಾವ ಪಟ್ಟಿಯಲ್ಲೂ ಮೇಲೆ ಕೆಳಗೆ ಆಗೋದಿಲ್ಲ. ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸ್ತದೆ, ‘ಯಾವುದು ಸರಿ ಅಂತ ಹೇಳೋಕೆ ನೀವ್ಯಾರು’ ಅಂತ ಕೇಳಿದವರೂ ಇದ್ದಾರೆ. ಪ್ರಶ್ನೆ ಸರಿಯೇ. ಆದರೆ ನಾನು ಹೇಳದಿದ್ದರೆ ಯಾರೂ ಹೇಳಿಲ್ಲ ಅಂತ ಅಲ್ಲ, ಎಂಟು ಹದಿನಾಲ್ಕಕ್ಕೆ ಫೋನ್ ಕೈಯಲ್ಲಿದ್ದವರು ಹೇಳಿರ್ತಾರೆ.

ಆ ಬೆಳಗ್ಗೆ ಬೋರ್ಡೋ ಪ್ರಶ್ನೆ ಕೇಳಿದವರಿಗೆ ನಾನು ಫೋನ್ ಮಾಡಿದಾಗ ಒಂಬತ್ತೂಕಾಲು. ಆ ಕಡೆಯಿಂದ ಪಂಪಿನ ಸದ್ದು ಕೇಳಿಸ್ತಿತ್ತು. ‘ನಿನ್ನೆಯದು ಕಲಕಿ ಹೊಡೆಸ್ತಿದೇವೆ, ಎಲ್ಲರೂ ಆಗ್ತದೆ ಅಂದ್ರಲ್ಲ’ ಅಂದರು. ಎಲ್ಲರೂ ಅಂದರೆ ಯಾರು ಅಂತ ಕೇಳಿದೆ. ‘ಮೇಲೆ ಇತ್ತಲ್ಲ’ ಅಂದರು.