ಪೆಟ್ಟಿಗೆ ಎಸೆಯಬೇಡಿ
"ನಾವು ಬರೀ ಮಾರುವವರು, ತಯಾರಕರನ್ನೇ ಕೇಳಿ ಅಂತಾರೆ. ಈಗ ಯಾರ ಮೇಲೆ ಕೇಸ್ ಹಾಕೋದು?"

ಕೊಂಡ ವಸ್ತು ಕೆಟ್ಟು ಗಾಯ, ನಷ್ಟ ಆಗಿದ್ದರೆ ಮಾರಿದವರ ಮೇಲೇ ಹಾಕಬಹುದು ಸಾರ್. ಹೋದ ಮಳೆಗಾಲ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಇಂಡಕ್ಷನ್ ಒಲೆ ಸಿಡಿದು ಅತ್ತಿಗೆಯ ಕೈ ಸುಟ್ಟಿತು, ಪಕ್ಕದ ಮರದ ಕಪಾಟು ಅರ್ಧ ಕಪ್ಪಾಯಿತು. ಮಾರಿದವರು ಹೇಳಿದ್ದು ಇದೇ ಮಾತು. ಪೆಟ್ಟಿಗೆ ತಿರುವಿ ನೋಡಿದರೆ ಬ್ರ್ಯಾಂಡ್ ಹೆಸರು ಮಾತ್ರ ಇತ್ತು, ತಯಾರಕರ ಹೆಸರೇ ಇರಲಿಲ್ಲ! 2019ರ ಗ್ರಾಹಕ ರಕ್ಷಣಾ ಕಾಯ್ದೆಯ 86ನೇ ಸೆಕ್ಷನ್ ಪ್ರಕಾರ, ತಯಾರಕರು ಯಾರೆಂದು ಗೊತ್ತಿಲ್ಲದಿದ್ದರೆ, ಗೊತ್ತಿದ್ದರೂ ಅವರಿಗೆ ನೋಟಿಸ್ ಮುಟ್ಟಿಸಲು ಆಗದಿದ್ದರೆ, ಮಾರಿದವರೇ ಹೊಣೆ. ಅದಕ್ಕೇ ಆ ಪೆಟ್ಟಿಗೆ, ಬಿಲ್ಲು, ಸುಟ್ಟ ಒಲೆ ಮೂರನ್ನೂ ಅಟ್ಟದ ಮೇಲೆ ಜೋಪಾನ ಮಾಡಿದೆವು.

ಒಂದು ಸೂಕ್ಷ್ಮ ಇದೆ. ಹೊಣೆಗಾರಿಕೆಯ ಪರಿಹಾರ ಕೈ ಸುಟ್ಟಿದ್ದಕ್ಕೆ, ಕಪಾಟಿಗೆ ಸಿಗುತ್ತದೆ, ಒಲೆಗಲ್ಲ. ಒಲೆಯ ಹಣವನ್ನು ದೋಷಪೂರಿತ ವಸ್ತು ಅಂತ ಬೇರೆಯಾಗಿಯೇ ಕೇಳಬೇಕು.

"ಏನೇ ಆದರೂ ಕೊಟ್ಟ ಬೆಲೆಗಿಂತ ಜಾಸ್ತಿ ಕೊಡುವುದಿಲ್ಲ" ಅಂತ ಮಾರಿದವರ ಷರತ್ತು ಇರುತ್ತದಲ್ವಾ, ಅದು ಅನ್ಯಾಯದ ಕರಾರು ಅಂತ ಘೋಷಿಸಿ ಎಂದು ಅದೇ ದೂರಿನಲ್ಲಿ ಬರೆದರೆ ಎಡವಟ್ಟು. ಅನ್ಯಾಯದ ಕರಾರಿನ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಬರುವುದೇ ಇಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ಬರೀ ಗಾಯ, ನಷ್ಟದ ಪರಿಹಾರ ಕೇಳಿದರೆ ಜಿಲ್ಲಾ ಆಯೋಗದಲ್ಲೇ, ನಮಗಾದರೆ ಶಿವಮೊಗ್ಗದಲ್ಲೇ ಆಗುತ್ತದೆ, ಮಾರಿದವರು ದೆಹಲಿಯಲ್ಲಿದ್ದರೂ ಸರಿ, ನೀವು ವಾಸವಿರುವ ಜಿಲ್ಲೆ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಘಟನೆಯಿಂದ 2 ವರ್ಷದೊಳಗೆ ಹಾಕಿ.